ಸೆಕೆ, ಟ್ಯೂಬ್‌ಲೈಟು ಮತ್ತು ಎರಡು ಗೆರೆಗಳು

“ಸೆಕೆ ಜಾಸ್ತಿಯಾದ್ರೆ ಗಾರ್ಮೆಂಟ್ಸ್ ಲೈನಿನಲ್ಲಿ ಕೆಲಸ ಕಡಿಮೆಯಾಗುತ್ತಾ?” ಅಂತ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಯಾರನ್ನಾದರೂ ಕೇಳಿ ನೋಡಿ. “ಆಗದೇ ಇರುತ್ತಾ?” ಅಂತಾರೆ. ಆದ್ರೆ ಇದಕ್ಕೆ ಇನ್ನೂ ಸರಿಯಾದ ಉತ್ತರ ಒಂದಿದೆ: “ಹೊಲಿಯೋರ ತಲೆ ಮೇಲೆ ಯಾವ ಲೈಟ್ ಉರೀತಿದೆ ಅಂತ ಮೊದಲು ಹೇಳಿ, ಆಮೇಲೆ ಹೇಳ್ತೀನಿ.”

ಸೆಕೆಗೂ ಕೆಲಸಕ್ಕೂ ಇರುವ ಸಂಬಂಧ ಎಷ್ಟು ಅಂತ ಹೇಳೋಕೆ ಮೂರನೆಯ ಒಂದು ವಿಷಯವನ್ನು ಕೇಳಬೇಕಾಗಿ ಬಂದರೆ, ಅದೇ ಇಂಟರಾಕ್ಷನ್ ಎಫೆಕ್ಟ್. ಮ್ಯಾನೇಜ್‌ಮೆಂಟ್ ಓಪನ್ ಎಲೆಕ್ಟಿವ್ ತಗೊಂಡಿರುವ ನಮ್ಮಂಥವರಿಗೆ ಪ್ರಾಜೆಕ್ಟ್ ಪೇಪರ್ ಬರೆಯುವಾಗ ಸಾಫ್ಟ್‌ವೇರ್ ಒಂದು ಟೇಬಲ್ ಕೊಡುತ್ತೆ. ಅದರಲ್ಲಿ ಗುಣಿಸಿದ ಎರಡು ಹೆಸರುಗಳ ಎದುರಿಗೆ ಒಂದು ನಂಬರು, ಪಕ್ಕದಲ್ಲಿ ಒಂದೆರಡು ನಕ್ಷತ್ರ ಇರುತ್ತೆ. ಅಲ್ಲಿಗೆ ಲೆಕ್ಕ ಮುಗಿದಿರುತ್ತೆ, ಆದ್ರೆ ಆ ನಂಬರನ್ನು ಮನುಷ್ಯರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವ ಕೆಲಸ ಇನ್ನೂ ಶುರುವಾಗಿರಲ್ಲ. ಅದನ್ನು ಹೇಗೆ ಮಾಡೋದು ಅಂತ ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ನೋಡೋಣ.

ನಮ್ಮೂರಿನದೇ ಒಂದು ಅಧ್ಯಯನ

ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ ಮತ್ತು ಅನಂತ್ ನೈಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಸುತ್ತಮುತ್ತಲಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳ ಬಗ್ಗೆ ಮಾಡಿದ ಅಧ್ಯಯನ 2020ರಲ್ಲಿ ‘ರಿವ್ಯೂ ಆಫ್ ಎಕನಾಮಿಕ್ಸ್ ಆಂಡ್ ಸ್ಟ್ಯಾಟಿಸ್ಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಫ್ಯಾಕ್ಟರಿಗಳಲ್ಲಿ ಹಳೆಯ ಟ್ಯೂಬ್‌ಲೈಟುಗಳನ್ನು ತೆಗೆದು ಎಲ್‌ಇಡಿ ಹಾಕಲಾಗಿತ್ತು. ಹಾಕಿಸಿದ ಕಾರಣ ಕರೆಂಟ್ ಉಳಿತಾಯ. ಆದರೆ ಟ್ಯೂಬ್‌ಲೈಟ್ ಬೆಳಕಿನ ಜೊತೆ ಬಿಸಿಯನ್ನೂ ಕೊಡುತ್ತೆ, ಎಲ್‌ಇಡಿ ಕೊಡುವ ಬಿಸಿ ಅದಕ್ಕಿಂತ ಬಹಳ ಕಡಿಮೆ. ಹಾಗಾದರೆ ಲೈಟ್ ಬದಲಾದ ಮೇಲೆ ಸೆಕೆಯ ದಿನಗಳಲ್ಲಿ ಹೊಲಿಗೆ ಕೆಲಸ ಏನಾಯಿತು ಅಂತ ಇವರು ಪ್ರತಿ ಲೈನಿನ ದಿನದಿನದ ಲೆಕ್ಕವನ್ನು ಹವಾಮಾನದ ಲೆಕ್ಕದ ಜೊತೆ ಸೇರಿಸಿ ನೋಡಿದರು.

ಗಾರ್ಮೆಂಟ್ಸ್‌ನಲ್ಲಿ ಕೆಲಸವನ್ನು ‘ಎಫಿಶಿಯೆನ್ಸಿ’ ಅಂತ ಅಳೀತಾರೆ. ಒಂದು ಪೀಸ್ ಹೊಲಿಯೋಕೆ ಎಷ್ಟು ನಿಮಿಷ ಬೇಕು ಅಂತ ಮೊದಲೇ ಲೆಕ್ಕ ಹಾಕಿಟ್ಟು, ಅದರಿಂದ ಟಾರ್ಗೆಟ್ ತೆಗೀತಾರೆ. ಗಂಟೆಗೆ 100 ಪೀಸ್ ಟಾರ್ಗೆಟ್ ಇದ್ದು 55 ಪೀಸ್ ಬಂದರೆ ಆ ಲೈನಿನ ಎಫಿಶಿಯೆನ್ಸಿ 55.

ಅಧ್ಯಯನದಲ್ಲಿ ಎರಡು ವಿಷಯ ಕಂಡವು. ಒಂದು, ತಾಪ ಏರಿದಂತೆ ಎಫಿಶಿಯೆನ್ಸಿ ಇಳೀತಿತ್ತು, ಅದೂ ಒಂದೇ ಸಮನಾಗಿ ಅಲ್ಲ. ಎರಡು, ಎಲ್‌ಇಡಿ ಹಾಕಿದ ಮೇಲೆ ಸೆಕೆಯ ದಿನಗಳಲ್ಲಿ ಕೆಲಸ ಮೊದಲಿಗಿಂತ ಹೆಚ್ಚಾಗಿ ಆಗ್ತಿತ್ತು. ಅವರ ಅಂದಾಜಿನ ಪ್ರಕಾರ ಒಂದು ಸರಾಸರಿ ಫ್ಯಾಕ್ಟರಿಗೆ ಕರೆಂಟ್‌ನಿಂದ ಆದ ಉಳಿತಾಯ ಸುಮಾರು 2,880 ಡಾಲರ್, ಹೆಚ್ಚಿದ ಕೆಲಸದಿಂದ ಬಂದ ಲಾಭ ಸುಮಾರು 7,500 ಡಾಲರ್. ಅಂದರೆ ಯಾವ ಲಾಭಕ್ಕೋಸ್ಕರ ಲೈಟ್ ಬದಲಾಯಿಸಿದರೋ ಅದಕ್ಕಿಂತ ಎರಡೂವರೆ ಪಟ್ಟು ಲಾಭ ಯಾರೂ ಲೆಕ್ಕಕ್ಕೆ ಹಿಡಿಯದ ಕಡೆಯಿಂದ ಬಂತು. ಕರೆಂಟ್ ಬಿಲ್ ಒಂದನ್ನೇ ನೋಡಿದರೆ ಹಾಕಿದ ದುಡ್ಡು ವಾಪಸ್ ಬರೋಕೆ ಎಷ್ಟು ಕಾಲ ಬೇಕೋ, ಎರಡನ್ನೂ ಸೇರಿಸಿದರೆ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಸಾಕು.

ಆ ಲಾಭ ಬಚ್ಚಿಟ್ಟುಕೊಂಡಿದ್ದೇ ಇಂಟರಾಕ್ಷನ್‌ನಲ್ಲಿ. ಅದನ್ನು ಹೊರಗೆ ತೆಗೆಯೋ ದಾರಿ ನೋಡೋಣ. ಇಲ್ಲಿಂದ ಮುಂದೆ ಬರುವ ಅಂಕಿಗಳು ಆ ಅಧ್ಯಯನದವಲ್ಲ. ಕೈಯಲ್ಲೇ ಕೂಡಿ ಕಳೆಯೋಕೆ ಸುಲಭವಾಗಲಿ ಅಂತ ನಾವೇ ಇಟ್ಟುಕೊಂಡಿರೋದು.

ಒಂದು ಸಮೀಕರಣ, ಎರಡು ಗೆರೆ

ನಮ್ಮ ಡೇಟಾದ ಒಂದೊಂದು ಸಾಲೂ ಒಂದು ಲೈನಿನ ಒಂದು ದಿನ. ಅದರಲ್ಲಿ ಮೂರು ಕಾಲಂ: ಆ ದಿನದ ಎಫಿಶಿಯೆನ್ಸಿ, ಶೆಡ್ಡಿನ ಒಳಗಿನ ತಾಪ, ಮತ್ತು ಎಲ್‌ಇಡಿ ಇದ್ದರೆ 1, ಟ್ಯೂಬ್‌ಲೈಟ್ ಇದ್ದರೆ 0. ತಾಪ 22ರಿಂದ 32 ಡಿಗ್ರಿವರೆಗೆ ಇದೆ, ಸರಾಸರಿ 27 ಅಂದುಕೊಳ್ಳಿ. ಲೆಕ್ಕಕ್ಕೆ ಕೂರುವ ಮೊದಲು ಪ್ರತಿ ತಾಪದಿಂದ 27 ಕಳೆದುಬಿಡೋಣ. ಆಗ ಸೊನ್ನೆ ಅಂದ್ರೆ ‘ಸರಾಸರಿ ದಿನ’, 4 ಅಂದ್ರೆ 31 ಡಿಗ್ರಿ. ಇದಕ್ಕೆ ಸೆಂಟರಿಂಗ್ ಅಂತಾರೆ. ಯಾಕೆ ಮಾಡಬೇಕು ಅಂತ ಈಗಲೇ ಗೊತ್ತಾಗುತ್ತೆ.

```
d$temp_c <- d$temp - 27
m <- lm(eff ~ temp_c * led, data = d)
summary(m)
```

ಬಂದ ಉತ್ತರ ಹೀಗಿದೆ ಅನ್ನೋಣ:

```
eff = 55.0 - 1.2*temp_c + 0.5*led + 0.9*temp_c*led
```

ನಾಲ್ಕು ನಂಬರು. ಇದನ್ನು ನೋಡಿದ ತಕ್ಷಣ “ತಾಪದ ಪರಿಣಾಮ −1.2, ಲೈಟಿನ ಪರಿಣಾಮ 0.5, ಇಂಟರಾಕ್ಷನ್ 0.9” ಅಂತ ಪಟ್ಟಿ ಓದೋದು ಎಲ್ಲರ ಅಭ್ಯಾಸ. ಆದರೆ ಗುಣಾಕಾರದ ಪದ ಸಮೀಕರಣದೊಳಗೆ ಬಂದ ಮೇಲೆ −1.2ಕ್ಕೂ 0.5ಕ್ಕೂ ಆ ಅರ್ಥ ಉಳಿಯಲ್ಲ. ಸುಮ್ಮನೆ `led` ಜಾಗದಲ್ಲಿ ಮೊದಲು 0, ಆಮೇಲೆ 1 ಇಟ್ಟು ನೋಡಿ:

```
led = 0:  eff = 55.0 - 1.2*temp_c
led = 1:  eff = 55.5 - 0.3*temp_c
```

ಒಂದು ಸಮೀಕರಣದ ಹೊಟ್ಟೆಯೊಳಗೆ ಎರಡು ಗೆರೆ ಇದ್ದವು. ಟ್ಯೂಬ್‌ಲೈಟಿನ ಶೆಡ್ಡಿನಲ್ಲಿ ಒಂದು ಡಿಗ್ರಿ ಏರಿದರೆ ಎಫಿಶಿಯೆನ್ಸಿ 1.2 ಅಂಶ ಇಳಿಯುತ್ತೆ. ಎಲ್‌ಇಡಿ ಶೆಡ್ಡಿನಲ್ಲಿ ಅದೇ ಒಂದು ಡಿಗ್ರಿಗೆ ಇಳಿಯೋದು 0.3 ಅಂಶ. ಈ −1.2 ಮತ್ತು −0.3 ಇವೆಯಲ್ಲ, ಇವೇ ಸಿಂಪಲ್ ಸ್ಲೋಪ್‌ಗಳು. ಹೆಸರಿಗೆ ತಕ್ಕಂತೆ ಸರಳವೇ: ಇನ್ನೊಂದು ವಿಷಯವನ್ನು ಒಂದು ಕಡೆ ಅಲ್ಲಾಡದಂತೆ ಹಿಡಿದಿಟ್ಟಾಗ ಕಾಣುವ ಇಳಿಜಾರು.

ಈಗ ನಾಲ್ಕೂ ನಂಬರಿನ ನಿಜವಾದ ಅರ್ಥ ಹೇಳಬಹುದು. 55.0 ಅಂದ್ರೆ ಸರಾಸರಿ ದಿನ, ಟ್ಯೂಬ್‌ಲೈಟಿನ ಶೆಡ್ಡಿನ ಎಫಿಶಿಯೆನ್ಸಿ. −1.2 ಅಂದ್ರೆ ಟ್ಯೂಬ್‌ಲೈಟಿನ ಶೆಡ್ಡಿನಲ್ಲಿ ಮಾತ್ರ ತಾಪದ ಪರಿಣಾಮ. 0.5 ಅಂದ್ರೆ ಸರಾಸರಿ ದಿನ, ಅಂದರೆ 27 ಡಿಗ್ರಿಯಲ್ಲಿ ಮಾತ್ರ ಎಲ್‌ಇಡಿಯ ಪರಿಣಾಮ. 0.9 ಅಂದ್ರೆ ಎರಡು ಇಳಿಜಾರುಗಳ ನಡುವಿನ ವ್ಯತ್ಯಾಸ, −1.2ಕ್ಕೆ ಇದನ್ನು ಕೂಡಿದರೆ −0.3 ಸಿಗುತ್ತೆ. ಇಂಟರಾಕ್ಷನ್ ಅನ್ನೋದು ಎಷ್ಟು ಕೆಲಸ ಹೆಚ್ಚಾಯ್ತು ಅಂತ ಹೇಳುವ ನಂಬರಲ್ಲ, ಇಳಿಜಾರು ಎಷ್ಟು ಬದಲಾಯ್ತು ಅಂತ ಹೇಳುವ ನಂಬರು.

ಸೆಂಟರಿಂಗ್ ಮಾಡದೇ ಇದ್ದಿದ್ದರೆ? ಇಳಿಜಾರುಗಳು ಕೂದಲೆಳೆಯಷ್ಟೂ ಬದಲಾಗ್ತಿರಲಿಲ್ಲ. ಆದರೆ `led` ಎದುರಿನ ನಂಬರು 0.5ರ ಬದಲು −23.8 ಅಂತ ಬರ್ತಿತ್ತು. ಯಾಕಂದ್ರೆ ಅದು ಶೆಡ್ಡಿನೊಳಗೆ ಸೊನ್ನೆ ಡಿಗ್ರಿ ಇದ್ದಾಗಿನ ಎಲ್‌ಇಡಿ ಪರಿಣಾಮ. ಬೆಂಗಳೂರಿನಲ್ಲಿ ಸೊನ್ನೆ ಡಿಗ್ರಿಯಲ್ಲಿ ಹೊಲಿಗೆ! ಲೆಕ್ಕ ತಪ್ಪಲ್ಲ, ಕೇಳಿದ ಪ್ರಶ್ನೆಗೆ ಅರ್ಥವಿಲ್ಲ ಅಷ್ಟೆ. ಆ −23.8 ನೋಡಿ “ಎಲ್‌ಇಡಿ ಹಾಕಿದರೆ ಕೆಲಸ ಹಾಳಾಗುತ್ತೆ” ಅಂತ ಬರೆದರೆ ಮಾತ್ರ ಅದು ತಪ್ಪು.

ಅದೇ ಗೆರೆಗಳನ್ನು ಇನ್ನೊಂದು ಕಡೆಯಿಂದ ನೋಡಿದರೆ

ಇಲ್ಲಿಯವರೆಗೂ ಕೇಳಿದ್ದು “ಈ ಲೈಟಿನ ಕೆಳಗೆ ಸೆಕೆ ಎಷ್ಟು ಹೊಡೆತ ಕೊಡುತ್ತೆ?” ಅಂತ. ಫ್ಯಾಕ್ಟರಿ ಮ್ಯಾನೇಜರ್ ಕೇಳೋ ಪ್ರಶ್ನೆ ಬೇರೆ: “ನಾನು ಲೈಟ್ ಬದಲಾಯಿಸಿದರೆ ನನಗೆ ಏನು ಸಿಗುತ್ತೆ?” ಅದಕ್ಕೂ ಉತ್ತರ ಅದೇ ಸಮೀಕರಣದಲ್ಲಿದೆ. ಎಲ್‌ಇಡಿ ಗೆರೆಯಿಂದ ಟ್ಯೂಬ್‌ಲೈಟ್ ಗೆರೆಯನ್ನು ಕಳೆಯಿರಿ:

```
LED effect = 0.5 + 0.9*temp_c
```

27 ಡಿಗ್ರಿಯ ದಿನ ಲಾಭ 0.5 ಅಂಶ. 31 ಡಿಗ್ರಿಯ ದಿನ `temp_c` 4 ಆಗುತ್ತೆ, ಲಾಭ 0.5 + 3.6, ಅಂದರೆ 4.1 ಅಂಶ. ಗೆರೆಗಳಿಂದಲೇ ತಾಳೆ ನೋಡಬಹುದು: ಆ ದಿನ ಟ್ಯೂಬ್‌ಲೈಟ್ ಶೆಡ್ಡಿನಲ್ಲಿ 50.2, ಎಲ್‌ಇಡಿ ಶೆಡ್ಡಿನಲ್ಲಿ 54.3.

ಈಗ ಯೋಚನೆ ಮಾಡಿ. ಟೇಬಲ್‌ನಲ್ಲಿರುವ 0.5 ಅನ್ನೋ ನಂಬರನ್ನು ನೋಡಿ ನಾವು “ಎಲ್‌ಇಡಿಯಿಂದ ಎಫಿಶಿಯೆನ್ಸಿ ಅರ್ಧ ಅಂಶ ಮಾತ್ರ ಹೆಚ್ಚುತ್ತೆ” ಅಂತ ಪೇಪರಿನಲ್ಲಿ ಬರೆದರೆ, ಮ್ಯಾನೇಜರ್ ಫೈಲ್ ಮುಚ್ಚಿ ಪಕ್ಕಕ್ಕಿಡ್ತಾರೆ. ಏಪ್ರಿಲ್‌ನಲ್ಲಿ ಟಾರ್ಗೆಟ್ ಬರದೇ ಹೋದಾಗ ಬೈಸಿಕೊಳ್ಳೋದು ಲೈನಿನಲ್ಲಿ ಕೂತವರು. “ಕೈ ಚುರುಕು ಮಾಡ್ರಮ್ಮ” ಅಂತ ಸೂಪರ್‌ವೈಸರ್ ಕೂಗೋದು ಅವರ ಮೇಲೆ, ಟ್ಯೂಬ್‌ಲೈಟಿನ ಮೇಲಲ್ಲ. ಸೆಕೆಯ ದಿನದ 4.1 ಅಂಶದ ಕೊರತೆ ಕೈಯದ್ದಲ್ಲ, ಲೈಟಿನದ್ದು ಅಂತ ತೋರಿಸುವ ಸಾಮರ್ಥ್ಯ ಆ ಟೇಬಲ್‌ಗಿತ್ತು. ಬರೆದ ಒಂದು ವಾಕ್ಯ ಅದನ್ನು ಮುಚ್ಚಿಹಾಕಿತು.

ಅದಕ್ಕೇ ಪೇಪರ್ ಬರೆಯುವಾಗ ಎರಡೂ ಕಡೆಯಿಂದ ನೋಡಿ, ಓದುವವರು ಯಾವ ನಿರ್ಧಾರ ತಗೋಬೇಕೋ ಆ ಕಡೆಯ ಉತ್ತರವನ್ನು ಮುಂದೆ ಇಡಬೇಕು. ಗಣಿತಕ್ಕೆ ಎರಡೂ ಒಂದೇ. ಯಾವುದು ‘ಕಾರಣ’, ಯಾವುದು ಅದನ್ನು ಹೆಚ್ಚುಕಡಿಮೆ ಮಾಡುವ ‘ಮಾಡರೇಟರ್’ ಅನ್ನೋದು ನಮ್ಮ ಪ್ರಶ್ನೆಯಿಂದ ಬರುತ್ತೆ, ಸಾಫ್ಟ್‌ವೇರ್‌ನಿಂದ ಅಲ್ಲ.

ಇಳಿಜಾರಿಗೂ ಒಂದು ಅನುಮಾನ ಇರುತ್ತೆ

−0.3 ಅನ್ನೋದು ಅಂದಾಜು. ಅದು ನಿಜವಾಗಿಯೂ ಸೊನ್ನೆಯೇ ಇರಬಹುದಾ? ಇದಕ್ಕೆ ಆ ಇಳಿಜಾರಿನ ಸ್ಟ್ಯಾಂಡರ್ಡ್ ಎರರ್ ಬೇಕು. ಟೇಬಲ್‌ನಲ್ಲಿ −1.2ಕ್ಕೆ 0.2 ಅಂತಲೂ, 0.9ಕ್ಕೆ 0.3 ಅಂತಲೂ ಇದೆ ಅನ್ನೋಣ. −0.3ಕ್ಕೆ ಟೇಬಲ್‌ನಲ್ಲಿ ಸಾಲೇ ಇಲ್ಲ, ಯಾಕಂದ್ರೆ ಅದು ಎರಡು ನಂಬರು ಕೂಡಿ ಬಂದದ್ದು. ಹಾಗಂತ ಎರಡೂ ಎರರ್ ಕೂಡಿಬಿಡೋದಲ್ಲ. ಎರಡು ಅಂದಾಜುಗಳೂ ಒಂದೇ ಡೇಟಾದಿಂದ ಬಂದಿರೋದರಿಂದ ಅವು ಒಟ್ಟಿಗೆ ಏರಿಳೀತವೆ. ಆ ಒಟ್ಟಿಗೆ ಇರೋದನ್ನು ಅಳೆಯೋದು ಕೋವೇರಿಯನ್ಸ್. ಆರ್‌ನಲ್ಲಿ `vcov(m)` ಅಂತ ಹೊಡೆದರೆ ಸಿಗುತ್ತೆ. ನಮ್ಮ ಉದಾಹರಣೆಯಲ್ಲಿ ಅದು −0.04.

```
variance = 0.2^2 + 0.3^2 + 2*(-0.04) = 0.05
SE = sqrt(0.05) = 0.22
```

ಇದಕ್ಕಿಂತ ಸುಲಭದ ದಾರಿಯೂ ಇದೆ. 0 ಮತ್ತು 1 ಅದಲುಬದಲು ಮಾಡಿ ಅದೇ ಮಾಡೆಲ್ ಇನ್ನೊಮ್ಮೆ ಓಡಿಸಿ:

```
d$tube <- 1 - d$led
summary(lm(eff ~ temp_c * tube, data = d))
```

ಈಗ ಸೊನ್ನೆ ಅಂದ್ರೆ ಎಲ್‌ಇಡಿ. ಹಾಗಾಗಿ `temp_c` ಸಾಲಿನಲ್ಲಿ ನೇರವಾಗಿ −0.3 ಬರುತ್ತೆ, ಪಕ್ಕದಲ್ಲಿ 0.22 ಕೂಡ. ಇಂಟರಾಕ್ಷನ್‌ನ ಚಿಹ್ನೆ ತಿರುಗಿ −0.9 ಆಗುತ್ತೆ, ಎರರ್ 0.3 ಹಾಗೇ ಇರುತ್ತೆ. ಹೀಗೆ ಬಂದರೆ ನಮ್ಮ ಲೆಕ್ಕ ಸರಿ ಅಂತ ಅರ್ಥ.

95 ಶೇಕಡಾ ವ್ಯಾಪ್ತಿ ಅಂದ್ರೆ ಹೆಚ್ಚೂಕಡಿಮೆ ಎರಡು ಎರರ್ ಆ ಕಡೆ, ಎರಡು ಈ ಕಡೆ. ಟ್ಯೂಬ್‌ಲೈಟ್ ಇಳಿಜಾರು −1.6ರಿಂದ −0.8ರ ಒಳಗೆ. ಎಲ್‌ಇಡಿ ಇಳಿಜಾರು −0.74ರಿಂದ +0.14ರ ಒಳಗೆ, ಇದರೊಳಗೆ ಸೊನ್ನೆ ಇದೆ. ಇಲ್ಲಿ ತುಂಬ ಪೇಪರುಗಳು ಎಡವುತ್ತವೆ. “ಎಲ್‌ಇಡಿ ಶೆಡ್ಡಿನಲ್ಲಿ ಸೆಕೆಯ ಪರಿಣಾಮವೇ ಇಲ್ಲ” ಅಂತ ಬರೀತಾರೆ. ಸೊನ್ನೆ ಇರಬಹುದು, ಆದರೆ −0.7 ಕೂಡ ಇರಬಹುದು. “ಪರಿಣಾಮ ಇದೆ ಅಂತ ಖಚಿತವಾಗಿ ಹೇಳೋಕೆ ಈ ಡೇಟಾ ಸಾಲದು” ಅನ್ನೋದಷ್ಟೇ ಪ್ರಾಮಾಣಿಕ ಮಾತು.

ಒಂದಕ್ಕೆ ನಕ್ಷತ್ರ ಇದೆ, ಇನ್ನೊಂದಕ್ಕಿಲ್ಲ: ಸಾಕಾ?

ಇದು ಇನ್ನೂ ದೊಡ್ಡ ಗುಂಡಿ. ಕೆಲವರು ಇಂಟರಾಕ್ಷನ್ ಲೆಕ್ಕ ಹಾಕದೆ ಡೇಟಾವನ್ನು ಎರಡು ಭಾಗ ಮಾಡಿ ಎರಡು ರಿಗ್ರೆಷನ್ ಓಡಿಸ್ತಾರೆ. ಟ್ಯೂಬ್‌ಲೈಟ್ ಭಾಗದಲ್ಲಿ ತಾಪಕ್ಕೆ ನಕ್ಷತ್ರ ಬಂತು, ಎಲ್‌ಇಡಿ ಭಾಗದಲ್ಲಿ ಬರಲಿಲ್ಲ. “ಆದ್ದರಿಂದ ಲೈಟ್ ಸೆಕೆಯ ಪರಿಣಾಮವನ್ನು ಬದಲಾಯಿಸುತ್ತೆ” ಅಂತ ಮುಗಿಸ್ತಾರೆ.

ಇದು ಯಾಕೆ ಸಾಲದು ಅಂತ ನೋಡೋಕೆ ಒಂದೇ ನಂಬರು ಬದಲಾಯಿಸೋಣ. ಟ್ಯೂಬ್‌ಲೈಟ್ ಇಳಿಜಾರು −1.2ರ ಬದಲು −0.5 ಇದೆ ಅನ್ನೋಣ, ಎರರ್ಅದೇ 0.2. ಎರಡೂವರೆ ಎರರ್‌ನಷ್ಟು ದೂರ, ನಕ್ಷತ್ರ ಬರುತ್ತೆ. ಎಲ್‌ಇಡಿ ಇಳಿಜಾರು ಹಾಗೇ −0.3, ಎರರ್ 0.22, ನಕ್ಷತ್ರ ಇಲ್ಲ. ಆದರೆ ಇವೆರಡರ ವ್ಯತ್ಯಾಸ ಬರೀ 0.2, ಅದರ ಎರರ್ 0.3! ಅಂದರೆ ಎರಡು ಶೆಡ್ಡುಗಳು ಬೇರೆ ಬೇರೆ ಅನ್ನೋಕೆ ಒಂದು ಚೂರೂ ಆಧಾರ ಇಲ್ಲ. ಒಬ್ಬ 35 ಅಂಕ ತೆಗೆದು ಪಾಸಾದ, ಇನ್ನೊಬ್ಬ 34 ತೆಗೆದು ಫೇಲಾದ ಅಂತ ಇಬ್ಬರ ಬುದ್ಧಿಯಲ್ಲಿ ಆಕಾಶ ಭೂಮಿಯ ವ್ಯತ್ಯಾಸ ಇದೆ ಅಂದ ಹಾಗೆ.

“ಇಳಿಜಾರುಗಳು ಬೇರೆ ಬೇರೆನಾ?” ಅನ್ನೋ ಪ್ರಶ್ನೆಗೆ ಉತ್ತರ ಕೊಡೋದು ಇಂಟರಾಕ್ಷನ್ ಸಾಲು ಮಾತ್ರ. ನಮ್ಮ ಮೂಲ ಉದಾಹರಣೆಯಲ್ಲಿ ಅದು 0.9, ವ್ಯಾಪ್ತಿ 0.3ರಿಂದ 1.5, ಸೊನ್ನೆಯಿಂದ ದೂರ. ಹಾಗಾಗಿ ಮೊದಲು ಆ ಸಾಲು, ಆಮೇಲೆ ಸಿಂಪಲ್ ಸ್ಲೋಪ್. ವ್ಯತ್ಯಾಸ ಇದೆಯೋ ಇಲ್ಲವೋ ಅಂತ ಮೊದಲನೆಯದು ಹೇಳುತ್ತೆ, ಆ ವ್ಯತ್ಯಾಸ ಯಾವ ರೂಪದಲ್ಲಿದೆ ಅಂತ ಎರಡನೆಯದು ಹೇಳುತ್ತೆ.

ಇಲ್ಲಿ ಇನ್ನೊಂದು ಎಚ್ಚರಿಕೆ. ಒಂದೇ ಲೈನಿನ ಸೋಮವಾರಕ್ಕೂ ಮಂಗಳವಾರಕ್ಕೂ ಸಂಬಂಧ ಇರುತ್ತೆ: ಅದೇ ಜನ, ಅದೇ ಮೆಷಿನ್, ಅದೇ ಆರ್ಡರ್. 20 ಲೈನುಗಳ 100 ದಿನದ ಡೇಟಾವನ್ನು 2,000 ಬೇರೆ ಬೇರೆ ಸಾಕ್ಷಿಗಳು ಅಂತ `lm` ನಂಬಿಬಿಡುತ್ತೆ, ಎರರ್‌ಗಳನ್ನು ಇರಬೇಕಾದ್ದಕ್ಕಿಂತ ಚಿಕ್ಕದಾಗಿ ತೋರಿಸುತ್ತೆ. ಲೈನ್ ಪ್ರಕಾರ ಗುಂಪು ಮಾಡಿ ಎರರ್ ತೆಗೆಯಬೇಕು. ಆರ್‌ನಲ್ಲಿ `sandwich` ಪ್ಯಾಕೇಜಿನ `vcovCL` ಇದಕ್ಕೇ ಇದೆ. ಇಳಿಜಾರು ಅದೇ ಇರುತ್ತೆ, ಧೈರ್ಯ ಮಾತ್ರ ಸ್ವಲ್ಪ ಕಡಿಮೆಯಾಗುತ್ತೆ.

ಗೆರೆ ಸುಳ್ಳು ಹೇಳೋದು ಎಲ್ಲಿ?

ಸೆಕೆಯ ಕಡೆ ನೋಡಿದ್ದಾಯಿತು, ಈಗ ತಂಪಿನ ಕಡೆ ಹೋಗೋಣ. 23 ಡಿಗ್ರಿಯ ದಿನ `temp_c` −4. ಎಲ್‌ಇಡಿಯ ಪರಿಣಾಮ 0.5 − 3.6, ಅಂದರೆ −3.1. ತಂಪಾದ ದಿನ ಎಲ್‌ಇಡಿ ಹಾಕಿದರೆ ಕೆಲಸ 3 ಅಂಶ ಕಡಿಮೆ ಆಗುತ್ತಂತೆ!

ಹೀಗೊಂದು ಉತ್ತರ ಬಂದಾಗ ಅದಕ್ಕೊಂದು ಥಿಯರಿ ಕಟ್ಟೋಕೆ ಹೋಗಬಾರದು. “ಡಿಸೆಂಬರ್‌ನಲ್ಲಿ ಟ್ಯೂಬ್‌ಲೈಟಿನ ಬಿಸಿ ಕೈಗೆ ಹಿತವಾಗಿರುತ್ತೆ” ಅಂತ ಏನೋ ಒಂದು ಬರೆಯಬಹುದು, ಓದೋಕೂ ಚೆನ್ನಾಗಿರುತ್ತೆ. ಆದರೆ ಮೊದಲು ಅನುಮಾನ ಪಡಬೇಕಾದ್ದು ನಮ್ಮ ಗೆರೆಯನ್ನೇ. ನಾವು ಮಾಡೆಲ್‌ಗೆ ‘ನೇರ ಗೆರೆ ಎಳೆ’ ಅಂತ ಹೇಳಿದ್ದೆವು, ಅದು ಎಳೆಯಿತು. ನಿಜವಾದ ಸಂಬಂಧ 27 ಡಿಗ್ರಿವರೆಗೆ ಸಪಾಟಾಗಿದ್ದು ಅಲ್ಲಿಂದ ಮುಂದೆ ಜಾರುವಂಥದ್ದಾದರೆ, ಅದರ ಮೇಲೆ ಎಳೆದ ನೇರ ಗೆರೆ ತಂಪಿನ ತುದಿಯಲ್ಲಿ ಸುಮ್ಮಸುಮ್ಮನೆ ಮೇಲಕ್ಕೆ ಎದ್ದುಬಿಡುತ್ತೆ. ಟ್ಯೂಬ್‌ಲೈಟ್ ಗೆರೆ ಹೆಚ್ಚು ಕಡಿದಾಗಿರೋದರಿಂದ ಅದು ಎಲ್‌ಇಡಿ ಗೆರೆಗಿಂತಲೂ ಮೇಲೆ ಹೋಗುತ್ತೆ. ಅಲ್ಲಿ ಕಂಡ ‘ನಷ್ಟ’ ಫ್ಯಾಕ್ಟರಿಯಲ್ಲಿ ಇಲ್ಲ, ಸ್ಕೇಲಿನಲ್ಲಿದೆ. ಬೆಂಗಳೂರಿನ ಆ ಅಧ್ಯಯನದಲ್ಲೂ ತಾಪದ ಪರಿಣಾಮ ನೇರ ಗೆರೆಯಾಗಿರಲಿಲ್ಲ ಅಂತ ಮೊದಲೇ ಹೇಳಿದ್ದೆವಲ್ಲ, ಅದರ ಮಹತ್ವ ಇಲ್ಲಿದೆ.

ಕಂಡುಹಿಡಿಯೋದು ಹೇಗೆ? ಎರಡೆರಡು ಡಿಗ್ರಿಗೆ ಒಂದು ಡಬ್ಬಿ ಮಾಡಿ, ಪ್ರತಿ ಡಬ್ಬಿಯಲ್ಲಿ ಟ್ಯೂಬ್‌ಲೈಟ್ ದಿನಗಳ ಸರಾಸರಿ ಮತ್ತು ಎಲ್‌ಇಡಿ ದಿನಗಳ ಸರಾಸರಿ ಹಾಕಿ, ಆ ಚುಕ್ಕಿಗಳ ಮೇಲೆ ಗೆರೆ ಇಟ್ಟು ನೋಡಿ. ಚುಕ್ಕಿಗಳು ಗೆರೆ ಬಿಟ್ಟು ಬಾಗ್ತಿದ್ದರೆ ತಾಪದ ಬದಲು ‘27ಕ್ಕಿಂತ ಮೇಲೆ ಎಷ್ಟು ಡಿಗ್ರಿ’ ಅನ್ನೋ ಕಾಲಂ ಮಾಡಿ ಅದನ್ನು ಬಳಸಬಹುದು. ಆ 27 ಅನ್ನೋ ಮಿತಿಯನ್ನು ಯಾಕೆ ಆರಿಸಿದಿರಿ ಅಂತ ಮಾತ್ರ ಪೇಪರಿನಲ್ಲಿ ಬರೀಬೇಕು. ನಕ್ಷತ್ರ ಬರೋವರೆಗೂ ಮಿತಿ ಜರುಗಿಸ್ತಾ ಹೋಗೋದು ಲೆಕ್ಕವಲ್ಲ, ಆಟ.

ಅದೇ ಡಬ್ಬಿಗಳಲ್ಲಿ ಎಷ್ಟೆಷ್ಟು ದಿನ ಇದೆ ಅಂತಲೂ ಎಣಿಸಿ. ಫ್ಯಾಕ್ಟರಿಯಲ್ಲಿ ಜೂನ್‌ನಲ್ಲಿ ಲೈಟ್ ಬದಲಾಯಿಸಿ, ನಮ್ಮ ಡೇಟಾ ಜನವರಿಯಿಂದ ಡಿಸೆಂಬರ್‌ವರೆಗೆ ಇದ್ದರೆ, ಬೇಸಿಗೆಯೆಲ್ಲ ಟ್ಯೂಬ್‌ಲೈಟಿಗೆ ಹೋಗುತ್ತೆ, ಎಲ್‌ಇಡಿಗೆ 31 ಡಿಗ್ರಿಯ ದಿನವೇ ಸಿಕ್ಕಿರಲ್ಲ. ಆಗಲೂ ಸಾಫ್ಟ್‌ವೇರ್ ಎಲ್‌ಇಡಿ ಗೆರೆಯನ್ನು 31ರವರೆಗೆ ಎಳೆದು ತೋರಿಸುತ್ತೆ, ನಾಚಿಕೆಯೇ ಇಲ್ಲದೆ. ಬೆಂಗಳೂರಿನ ಅಧ್ಯಯನದಲ್ಲಿ ಬೇರೆ ಬೇರೆ ಫ್ಯಾಕ್ಟರಿಗಳಲ್ಲಿ ಬೇರೆ ಬೇರೆ ಸಮಯಕ್ಕೆ ಎಲ್‌ಇಡಿ ಬಂದಿತ್ತು. ಹಾಗಾಗಿ ಒಂದೇ ಸೆಕೆಯ ದಿನ ಎರಡೂ ತರಹದ ಶೆಡ್ಡುಗಳನ್ನು ಹೋಲಿಸೋಕೆ ಸಾಧ್ಯವಾಯಿತು.

ಮಾಡರೇಟರ್ ಹೌದು-ಅಲ್ಲ ಅನ್ನೋ ತರಹ ಇಲ್ಲದಿದ್ದರೆ

ಲೈಟಿಗೆ ಎರಡೇ ಬೆಲೆ, 0 ಮತ್ತು 1. ಅದಕ್ಕೆ ಎರಡೇ ಗೆರೆ ಸಾಕಾಯಿತು. ವೈಟ್‌ಫೀಲ್ಡ್ ಕಡೆಯ ಐಟಿ ಕೆಲಸದವರನ್ನು ತಗೊಂಡು “ವಾರಕ್ಕೆ ಎಷ್ಟು ದಿನ ಮನೆಯಿಂದ ಕೆಲಸ ಮಾಡಿದರೆ ಎಷ್ಟು ಸಮಾಧಾನ? ಅದು ಆಫೀಸಿನ ದೂರದ ಮೇಲೆ ಬದಲಾಗುತ್ತಾ?” ಅಂತ ಕೇಳಿದರೆ, ದೂರಕ್ಕೆ ಸಾವಿರ ಬೆಲೆ. ಯಾವ ದೂರದಲ್ಲಿ ಗೆರೆ ಎಳೆಯೋದು?

1991ರಲ್ಲಿ ಬಂದ ಐಕನ್ ಮತ್ತು ವೆಸ್ಟ್ ಅವರ ಪುಸ್ತಕದ ನಂತರ ಸರಾಸರಿ, ಅದಕ್ಕಿಂತ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್ ಮೇಲೆ, ಒಂದು ಕೆಳಗೆ ಅಂತ ಮೂರು ಜಾಗದಲ್ಲಿ ನೋಡೋದು ರೂಢಿಯಾಗಿದೆ. ಕಣ್ಣುಮುಚ್ಚಿ ಮಾಡಿದರೆ ಇದೂ ಕೈಕೊಡುತ್ತೆ. ಸರಾಸರಿ ದೂರ 12 ಕಿಲೋಮೀಟರ್, ಡೀವಿಯೇಶನ್ 14 ಇದ್ದರೆ, ‘ಹತ್ತಿರದವರು’ ಅಂತ ನಾವು ತೋರಿಸೋದು ಆಫೀಸಿನಿಂದ ಮೈನಸ್ 2 ಕಿಲೋಮೀಟರ್ ದೂರದಲ್ಲಿ ಇರುವವರನ್ನು! ಅದರ ಬದಲು 3, 10, 25 ಕಿಲೋಮೀಟರ್ ಅಂತ ಓದುವವರ ಕಣ್ಣಿಗೆ ಕಟ್ಟುವ ದೂರಗಳನ್ನು ಆರಿಸಬಹುದು. ದೂರದಿಂದ 25 ಕಳೆದು ಮಾಡೆಲ್ ಮತ್ತೆ ಓಡಿಸಿದರೆ, 25 ಕಿಲೋಮೀಟರ್‌ನವರ ಇಳಿಜಾರು ಎರರ್ ಸಮೇತ ನೇರವಾಗಿ ಟೇಬಲ್‌ಗೆ ಬರುತ್ತೆ. ಮೇಲೆ 0 ಮತ್ತು 1 ಅದಲುಬದಲು ಮಾಡಿದೆವಲ್ಲ, ಅದೇ ಉಪಾಯ. ಯಾವ ದೂರದಿಂದ ಇಳಿಜಾರು ಸೊನ್ನೆಯಿಂದ ಬೇರೆಯಾಗುತ್ತೆ ಅಂತ ಪೂರ್ತಿ ವ್ಯಾಪ್ತಿಯೇ ಬೇಕಿದ್ದರೆ, 1936ರಲ್ಲಿ ಜಾನ್ಸನ್ ಮತ್ತು ನೇಮನ್ ತೋರಿಸಿದ ವಿಧಾನ ಇದೆ.

ಕೊನೆಗೆ ಪೇಪರಿನಲ್ಲಿ ಏನಂತ ಬರೆಯೋದು?

ಹೀಗೆ ಬರೆದರೆ ಯಾರಿಗೂ ಏನೂ ಸಿಗಲ್ಲ: “ತಾಪ ಮತ್ತು ಲೈಟಿನ ನಡುವೆ ಮಹತ್ವದ ಇಂಟರಾಕ್ಷನ್ ಕಂಡುಬಂದಿದೆ, ಬಿ = 0.9. ಊಹೆ ದೃಢಪಟ್ಟಿದೆ.” ಯಾವ ದಿಕ್ಕು, ಎಷ್ಟು, ಯಾರಿಗೆ ಅನ್ನೋದು ಒಂದೂ ಇದರಲ್ಲಿಲ್ಲ.

ನಮ್ಮ ಉದಾಹರಣೆಯ ಡೇಟಾಗೆ ನಾವಾದರೆ ಹೀಗೆ ಬರೀತೀವಿ:

“ಸೆಕೆಯಿಂದ ಎಫಿಶಿಯೆನ್ಸಿ ಎಷ್ಟು ಇಳಿಯುತ್ತದೆ ಎಂಬುದು ಶೆಡ್ಡಿನ ಲೈಟನ್ನು ಅವಲಂಬಿಸಿದೆ, ಇಳಿಜಾರುಗಳ ವ್ಯತ್ಯಾಸ ಡಿಗ್ರಿಗೆ 0.9 ಅಂಶ, 95 ಶೇಕಡಾ ವ್ಯಾಪ್ತಿ 0.3ರಿಂದ 1.5. ಟ್ಯೂಬ್‌ಲೈಟ್ ಇರುವಲ್ಲಿ ಒಂದು ಡಿಗ್ರಿಗೆ ಎಫಿಶಿಯೆನ್ಸಿ 1.2 ಅಂಶ ಇಳಿಯುತ್ತದೆ, ವ್ಯಾಪ್ತಿ 0.8ರಿಂದ 1.6. ಎಲ್‌ಇಡಿ ಇರುವಲ್ಲಿ ಇಳಿತ 0.3 ಅಂಶ, ಇದು ಸೊನ್ನೆಯೂ ಇರಬಹುದು, 0.7ರವರೆಗೂ ಇರಬಹುದು. ಇದರಿಂದ ಸರಾಸರಿ ದಿನ ಎಲ್‌ಇಡಿಯ ಲಾಭ ಅರ್ಧ ಅಂಶದಷ್ಟೇ ಕಂಡರೂ 31 ಡಿಗ್ರಿಯ ದಿನ ಅದು 4 ಅಂಶ ಆಗುತ್ತದೆ. 27 ಡಿಗ್ರಿಗಿಂತ ತಂಪಾದ ದಿನಗಳಲ್ಲಿ ಸಂಬಂಧ ನೇರ ಗೆರೆಯಂತಿಲ್ಲವಾದ್ದರಿಂದ ಆ ದಿನಗಳ ಬಗ್ಗೆ ಈ ಮಾಡೆಲ್‌ನಿಂದ ತೀರ್ಮಾನ ಹೇಳುವುದಿಲ್ಲ.”

ಐದೇ ಐದು ವಾಕ್ಯ. ಮೊದಲನೆಯದು ವ್ಯತ್ಯಾಸ ಇದೆ ಅನ್ನುತ್ತೆ, ನಡುವಿನವು ಎರಡು ಇಳಿಜಾರನ್ನು ಅವುಗಳ ಅನುಮಾನ ಸಮೇತ ಹೇಳುತ್ತವೆ, ನಾಲ್ಕನೆಯದು ದುಡ್ಡು ಹಾಕುವವರಿಗೆ, ಕೊನೆಯದು ನಮ್ಮ ಮಿತಿ. ಪಕ್ಕದಲ್ಲಿ ಎರಡು ಗೆರೆಯ ಒಂದು ಚಿತ್ರ, ಗೆರೆಗಳ ಹಿಂದೆ ಡಬ್ಬಿಗಳ ಚುಕ್ಕಿ. ಸ್ಟ್ಯಾಟಿಸ್ಟಿಕ್ಸ್ ಓದದ ಸೂಪರ್‌ವೈಸರ್ ಕೂಡ ಇದನ್ನು ನೋಡಿ, ಈ ಏಪ್ರಿಲ್‌ನಲ್ಲಿ ಟಾರ್ಗೆಟ್ ತಪ್ಪಿದರೆ ಮೊದಲು ತಲೆ ಎತ್ತಿ ಯಾವ ಲೈಟ್ ಉರೀತಿದೆ ಅಂತ ನೋಡಬಹುದು.